180 ಜಿಎಸ್‌ಎಂ ಕುರ್ತಾ ಬೇಕು ಅನ್ನುವವರಿಗೆ

ಕಳೆದ ಅಕ್ಟೋಬರ್‌ನಲ್ಲಿ ಒಬ್ಬ ಹುಡುಗ ಬಂದಿದ್ದ. ರಾಜ್ಯೋತ್ಸವಕ್ಕೆ ಆಫೀಸಿನವರಿಗೆಲ್ಲ ಕಾಟನ್ ಕುರ್ತಾ, ನಲವತ್ತು ಪೀಸು. "ಸಾರ್, 180 ಜಿಎಸ್‌ಎಂ ಇರಲಿ. ಕಮ್ಮಿ ಆದ್ರೆ ಚೀಪ್ ಅನ್ಸುತ್ತೆ." ಜಿಎಸ್‌ಎಂ ಅಂದರೆ ಒಂದು ಚದರ ಮೀಟರ್ ಬಟ್ಟೆ ಎಷ್ಟು ಗ್ರಾಂ ತೂಗುತ್ತದೆ ಅನ್ನೋ ಲೆಕ್ಕ. ಈ 180ರ ಮಾತು ಕೇಳಿ ಕೇಳಿ ನನಗೆ ಸಾಕಾಗಿದೆ.

180 ಅನ್ನೋದು ಟೀ ಶರ್ಟಿನ ಲೆಕ್ಕ. ಟೀ ಶರ್ಟ್ ಬಟ್ಟೆಯನ್ನು ಹೆಣೆದಿರುತ್ತಾರೆ, ನೇಯ್ದಿರುವುದಿಲ್ಲ. ದಾರ ಕುಣಿಕೆ ಕುಣಿಕೆಯಾಗಿ ಸಾಗುವುದರಿಂದ ಅದು ಎಳೆದರೆ ಹಿಗ್ಗುತ್ತದೆ, ಮೈಮೇಲೆ ಮೆತ್ತಗೆ ಬೀಳುತ್ತದೆ. ಅದಕ್ಕೆ 180 ಹದವಾದ ತೂಕ. ಕುರ್ತಾ ಬಟ್ಟೆ ನೇಯ್ದದ್ದು. ಉದ್ದ, ಅಡ್ಡ ದಾರಗಳು ಒಂದನ್ನೊಂದು ಹಿಡಿದುಕೊಂಡಿರುತ್ತವೆ. ಅದೇ ತೂಕ ತುಂಬಿದರೆ ಸಾಮಾನ್ಯವಾಗಿ ಬಟ್ಟೆ ಬಿರುಸಾಗುತ್ತದೆ. ಕಾಟನ್ ಕುರ್ತಾಗೆ ನಾನು ಹೆಚ್ಚಾಗಿ ಕೊಡುವುದು 100ರಿಂದ 130.

ಅವನಿಗೆ ಲೆಕ್ಕ ಹಾಕಿ ತೋರಿಸಿದೆ. ಒಂದು ಕುರ್ತಾಗೆ ಎರಡೂವರೆ ಮೀಟರ್, ಪನ್ನ 44 ಇಂಚು. ಅಂದರೆ ಸುಮಾರು 2.8 ಚದರ ಮೀಟರ್. 180ರಲ್ಲಿ ಅರ್ಧ ಕಿಲೋ ದಾಟುತ್ತದೆ, 110ರಲ್ಲಿ ಮುನ್ನೂರು ಗ್ರಾಂ ಚಿಲ್ಲರೆ. ಅವನು ಒಪ್ಪಲಿಲ್ಲ. ಸರಿ ಅಂತ ಒಂದು ಸ್ಯಾಂಪಲ್ ಹೊಲಿಸಿ ಹಾಕಿಸಿದೆ. ಕೆಳಗಿನ ಅಂಚು ಮೈಗೆ ಒರಗದೆ ಡೇರೆ ಥರ ನಿಂತಿತು!

ಹಾಗಂತ ಬಟ್ಟೆ ಹೇಗೆ ಬೀಳುತ್ತದೆ ಅನ್ನೋದನ್ನೂ ತೂಕವೊಂದೇ ಹೇಳಲ್ಲ. 120ರ ಕಾಟನ್ ಪಾಪ್ಲಿನ್, 120ರ ರೇಯಾನ್, ಎರಡನ್ನೂ ಮುಷ್ಟಿಯ ಮೇಲೆ ಹಾಕಿ ನೋಡಿ. ಪಾಪ್ಲಿನ್ ಕೊಡೆಯ ಹಾಗೆ ಅಗಲವಾಗಿ ನಿಲ್ಲುತ್ತದೆ. ರೇಯಾನ್ ನೀರಿನ ಹಾಗೆ ಇಳಿದುಬಿಡುತ್ತದೆ. ತೂಕ ಒಂದೇ, ಬಾಗುವ ಗುಣ ಬೇರೆ.

ಬೆಚ್ಚಗಿರುವ ಮಾತೂ ಅಷ್ಟೇ. ಬೆಚ್ಚಗಿಡುವುದು ಬಟ್ಟೆಯೊಳಗೆ ಸಿಕ್ಕಿಕೊಂಡ ಗಾಳಿ. ಹಾಗಾಗಿ ಒಳಗೆ ಉಜ್ಜಿ ಸಣ್ಣ ನಾರೆಳೆ ಎಬ್ಬಿಸಿದ ಬಟ್ಟೆ, ಅದೇ ತೂಕದ ಎಳೆ ಎಬ್ಬಿಸದ ಬಟ್ಟೆಗಿಂತ ಬೆಚ್ಚಗೆ. ಡಿಸೆಂಬರ್ ಬೆಳಿಗ್ಗೆ 180ರ ಟೀ ಶರ್ಟ್ ಹಾಕಿಕೊಂಡು ಸ್ಕೂಟರ್ ಹತ್ತಿ ನೋಡಿ. ಕುಣಿಕೆಗಳ ಸಂದಿಯಲ್ಲಿ ಚಳಿಗಾಳಿ ಸೀದಾ ಒಳಗೆ ಬರುತ್ತದೆ. ಮೇಲೊಂದು ಒತ್ತಾಗಿ ನೇಯ್ದ ತೆಳು ಅಂಗಿ ಇದ್ದರೆ ಎಷ್ಟೋ ವಾಸಿ.

ಅಂಗಡಿಯವರ ಮಾತು ನಂಬಿಕೆ ಬರದಿದ್ದರೆ ನೀವೇ ತೂಗಬಹುದು. ಹತ್ತು ಸೆಂಟಿಮೀಟರ್ ಚೌಕದ ತುಂಡು ಕತ್ತರಿಸಿ, ಪರಿಚಯದ ಚಿನ್ನದಂಗಡಿಯ ತಕ್ಕಡಿಗೆ ಹಾಕಿ. 1.1 ಗ್ರಾಂ ಬಂದರೆ 110 ಜಿಎಸ್‌ಎಂ. ನೂರರಿಂದ ಗುಣಿಸಿದರೆ ಆಯ್ತು.

ಒಂದು ಎಚ್ಚರಿಕೆ ಇದೆ. ಮೊದಲು ಬಟ್ಟೆ ಒಗೆದು ಒಣಗಿಸಿ, ಆಮೇಲೆ ಚೌಕ ಕತ್ತರಿಸಿ. ಗಂಜಿ ಹಾಕಿದ ಬಟ್ಟೆ ಒಗೆದ ಮೇಲೆ ಹಗುರಾಗುತ್ತದೆ. ಕುಗ್ಗುವ ಬಟ್ಟೆಯ ಕಥೆ ಉಲ್ಟಾ. 160ರ ಟೀ ಶರ್ಟ್ ಬಟ್ಟೆ ಎರಡೂ ಕಡೆ ಶೇಕಡಾ 5 ಕುಗ್ಗಿದರೆ 177 ತೋರಿಸುತ್ತದೆ. ನೂಲು ಒಂದೆಳೆಯೂ ಜಾಸ್ತಿ ಆಗಿರುವುದಿಲ್ಲ, ಅಂಗಿ ಮಾತ್ರ ಚಿಕ್ಕದಾಗಿರುತ್ತದೆ.

ಆ ಹುಡುಗ ಕೊನೆಗೆ 110ರದ್ದೇ ಒಯ್ದ. ಸ್ಯಾಂಪಲ್ ಕುರ್ತಾ ಇನ್ನೂ ನನ್ನ ಅಂಗಡಿಯಲ್ಲೇ ನೇತಾಡುತ್ತಿದೆ. 180 ಕೇಳಿಕೊಂಡು ಬಂದವರಿಗೆ ಮೊದಲು ಅದನ್ನೇ ಹಾಕಿಸುತ್ತೇನೆ.