ಪದ ಪರಿಚಯ: ಕ್ಲಾಸ್‌ರೂಮ್ ಮ್ಯಾನೇಜ್‌ಮೆಂಟ್ ಸಾಫ್ಟ್‌ವೇರ್

ಹೆಸರು ಕೇಳಿದರೆ ಹಾಜರಿ, ಅಂಕಪಟ್ಟಿ ಇಡುವ ಸಾಫ್ಟ್‌ವೇರ್ ಅನ್ನಿಸುತ್ತದೆ. ಅದಲ್ಲ. ಕಂಪ್ಯೂಟರ್ ಲ್ಯಾಬ್‌ನಲ್ಲಿ ಮೇಷ್ಟ್ರು ತಮ್ಮ ಜಾಗದಲ್ಲೇ ಕೂತು ಮಕ್ಕಳ ಎಲ್ಲ ಪರದೆಗಳನ್ನೂ ನೋಡುವುದು, ಬೇಕಾದಾಗ ಅವುಗಳಿಗೆ ಬೀಗ ಹಾಕುವುದು, ಪೀರಿಯಡ್ ಮುಗಿದ ಮೇಲೆ ಮಷೀನುಗಳನ್ನು ಒಟ್ಟಿಗೆ ಆಫ್ ಮಾಡುವುದು, ಇಷ್ಟನ್ನು ಮಾಡಿಕೊಡುವ ಸಾಫ್ಟ್‌ವೇರಿಗೆ ಈ ಹೆಸರು. ಇಂಥವು ಹಲವಾರಿವೆ. ನಾನು ಬಳಸುವುದು ವೇಯಾನ್, ಪರದೆಯ ಮೇಲೆ Veyon ಅಂತ ಕಾಣುತ್ತದೆ. ಹಿಂದೆ ಐಟಾಲ್ಕ್ ಅಂತ ಒಂದಿತ್ತು, ಅದರ ಮುಂದುವರಿಕೆಯೇ ಇದು. ಉಚಿತ, ಓಪನ್ ಸೋರ್ಸ್, ವಿಂಡೋಸ್ ಲಿನಕ್ಸ್ ಎರಡರಲ್ಲೂ ನಡೆಯುತ್ತದೆ. ಹಾಗಾಗಿ ಉದಾಹರಣೆಗಳೆಲ್ಲ ಇದರದ್ದೇ.

ಮೇಷ್ಟ್ರ ಕಂಪ್ಯೂಟರ್ ಏನೋ ಮಾಯೆ ಮಾಡಿ ಬೇರೆ ಕಂಪ್ಯೂಟರಿನ ಒಳಗೆ ಇಣುಕುತ್ತದೆ ಅಂತ ತುಂಬಾ ಜನ ಅಂದುಕೊಂಡಿರುತ್ತಾರೆ. ನಿಜ ಹೇಳಬೇಕೆಂದರೆ ಕೆಲಸ ಮಾಡುವುದು ಮಕ್ಕಳ ಕಂಪ್ಯೂಟರೇ. ಪ್ರತಿ ಮಷೀನಿನಲ್ಲೂ ಒಂದು ಸರ್ವಿಸ್ ಸದಾ ಓಡುತ್ತಿರುತ್ತದೆ. ಅದು 11100 ಎಂಬ ಪೋರ್ಟ್‌ನಲ್ಲಿ ಕಿವಿಗೊಟ್ಟು ಕೂತಿರುತ್ತದೆ. ಮೇಷ್ಟ್ರ ಮಷೀನಿನಲ್ಲಿರುವ ಮಾಸ್ಟರ್ ಎಂಬ ಪ್ರೋಗ್ರಾಮ್ 'ನಿನ್ನ ಪರದೆ ತೋರಿಸು' ಅಂದರೆ ಅದು ತೋರಿಸುತ್ತದೆ, 'ಬೀಗ ಹಾಕು' ಅಂದರೆ ಪರದೆ ಮುಚ್ಚಿ ಕೀಬೋರ್ಡ್, ಮೌಸ್ ಎರಡನ್ನೂ ತಡೆಯುತ್ತದೆ. ಸರ್ವಿಸ್ ನಿಂತಿದ್ದರೆ, ಇಲ್ಲವೇ ಫೈರ್‌ವಾಲ್ ಆ ಪೋರ್ಟನ್ನು ಮುಚ್ಚಿದ್ದರೆ, ಆ ಮಷೀನ್ ಆನ್ ಆಗಿದ್ದರೂ ಮೇಷ್ಟ್ರ ಪರದೆಯಲ್ಲಿ ಅದರ ಚಿತ್ರ ಬರುವುದಿಲ್ಲ.

ಈಗ ಮುಖ್ಯ ಪ್ರಶ್ನೆ. ಕೇಳುತ್ತಿರುವವರು ಮೇಷ್ಟ್ರೇ ಅಂತ ಆ ಸರ್ವಿಸ್‌ಗೆ ಗೊತ್ತಾಗುವುದು ಹೇಗೆ? ಅದೇ ಲ್ಯಾಬಿನ ಹುಡುಗನೊಬ್ಬ ಮಾಸ್ಟರ್ ಹಾಕಿಕೊಂಡು ಪಕ್ಕದವನ ಪರದೆ ಕೇಳಿದರೆ?

ಇದಕ್ಕೆ ವೇಯಾನ್‌ನಲ್ಲಿ ಎರಡು ದಾರಿ ಇವೆ. ಒಂದು, ಪ್ರತಿ ಸಲ ಯೂಸರ್‌ನೇಮ್ ಪಾಸ್‌ವರ್ಡ್ ಕೊಡುವುದು. ಇನ್ನೊಂದು, ಜೋಡಿ ಕೀಲಿ. ಲ್ಯಾಬ್‌ಗಳಲ್ಲಿ ಜಾಸ್ತಿ ಬಳಕೆಯಾಗುವುದು ಎರಡನೆಯದು, ಸುಮ್ನೆ ಒಂದು ಸಲ ಹಾಕಿಟ್ಟರೆ ಆಯ್ತು ಅಂತ. ಮೇಷ್ಟ್ರ ಮಷೀನಿನಲ್ಲಿ ಅಡ್ಮಿನ್ ಆಗಿ ಹೀಗೆ ಕೊಡಬೇಕು:

```
veyon-cli authkeys create teacher
veyon-cli authkeys export teacher/public lab.pem
```

ಮೊದಲ ಸಾಲಿನಿಂದ ಎರಡು ಕೀಲಿ ಹುಟ್ಟುತ್ತವೆ, ಒಂದು ಪ್ರೈವೇಟ್, ಒಂದು ಪಬ್ಲಿಕ್. ಎರಡನೇ ಸಾಲು ಪಬ್ಲಿಕ್ ಕೀಲಿಯನ್ನು ಮಾತ್ರ ಫೈಲಾಗಿ ಹೊರಗೆ ತೆಗೆಯುತ್ತದೆ. ಆ ಫೈಲನ್ನು ಪೆನ್‌ಡ್ರೈವ್‌ನಲ್ಲಿ ಒಯ್ದು ಮಕ್ಕಳ ಪ್ರತಿ ಮಷೀನಿನಲ್ಲೂ ಹಾಕಬೇಕು:

```
veyon-cli authkeys import teacher/public lab.pem
```

ಪಬ್ಲಿಕ್ ಕೀಲಿಯನ್ನು ಬಾಗಿಲಿಗೆ ಜಡಿದ ಬೀಗ ಅಂದುಕೊಳ್ಳಿ. ಬೀಗ ಎಷ್ಟು ಬಾಗಿಲಿಗಿದ್ದರೂ ತೊಂದರೆಯಿಲ್ಲ. ಅದನ್ನು ತೆಗೆಯುವ ಕೀ ಇರುವುದು ಪ್ರೈವೇಟ್ ಫೈಲಿನಲ್ಲಿ, ಅದು ಮೇಷ್ಟ್ರ ಮಷೀನ್ ಬಿಟ್ಟು ಎಲ್ಲೂ ಹೋಗಬಾರದು.

ನಾನು ಎಡವಿದ್ದು ಇಲ್ಲೇ. ಇಪ್ಪತ್ತು ಮಷೀನಿಗೆ ಒಂದೊಂದಾಗಿ ಹಾಕುತ್ತಾ ಕೂರುವುದಕ್ಕೆ ಬೇಜಾರು. ಒಂದು ಮಷೀನನ್ನು ಪೂರ್ತಿ ಸಿದ್ಧ ಮಾಡಿ, ಅದರ ಡಿಸ್ಕ್ ಇಮೇಜ್ ತೆಗೆದು, ಉಳಿದ ಎಲ್ಲದಕ್ಕೂ ಸುರಿದುಬಿಟ್ಟೆ. ಆದರೆ ನಾನು ಸಿದ್ಧ ಮಾಡಿದ್ದು ನನ್ನದೇ ಮಷೀನನ್ನು. ಅದರಲ್ಲಿ ಮಾಸ್ಟರ್ ಪ್ರೋಗ್ರಾಮೂ ಇತ್ತು, ಪ್ರೈವೇಟ್ ಕೀಲಿಯೂ ಇತ್ತು. ಸಾಲದ್ದಕ್ಕೆ ಮಕ್ಕಳೆಲ್ಲ ಲಾಗಿನ್ ಆಗುತ್ತಿದ್ದದ್ದು ಒಂದೇ ಅಕೌಂಟಿನಿಂದ, ಅದಕ್ಕೆ ಅಡ್ಮಿನ್ ಹಕ್ಕು! ಅಂದರೆ ಆ ಕೀಲಿ ಫೈಲನ್ನು ಯಾರು ಬೇಕಾದರೂ ಓದಬಹುದಿತ್ತು.

ಸುಮಾರು ಎರಡು ವಾರ ಏನೂ ಆಗಲಿಲ್ಲ. ಆಮೇಲೆ ಒಂದು ದಿನ ಬೋರ್ಡ್ ಮೇಲೆ ಬರೆಯುತ್ತಿದ್ದೆ, ಹಿಂದೆ ಗಲಾಟೆ ಶುರುವಾಯ್ತು. ತಿರುಗಿ ನೋಡಿದರೆ ಎಲ್ಲ ಪರದೆಗಳಿಗೂ ಬೀಗ ಬಿದ್ದಿದೆ, ನನ್ನದಕ್ಕೂ. ಮೌಸ್ ನನ್ನ ಕೈಯಲ್ಲಿ ಇರಲೇ ಇಲ್ಲ. ಮೂರನೇ ಸಾಲಿನ ಒಂದು ಪರದೆ ಮಾತ್ರ ಬೆಳಗುತ್ತಿತ್ತು, ಅದರ ಮುಂದೆ ಕೂತವನು ತಲೆ ಬಗ್ಗಿಸಿಕೊಂಡಿದ್ದ. ಬೈಯಲಿಲ್ಲ. ತಪ್ಪು ಯಾರದು ಅಂತ ಅಷ್ಟರಲ್ಲಿ ಹೊಳೆದಿತ್ತು.

ನಿಮ್ಮ ಲ್ಯಾಬಿನಲ್ಲೂ ಹೀಗಾಗಿದೆಯಾ ಅಂತ ನೋಡುವುದು ಸುಲಭ. ಮಕ್ಕಳ ಯಾವುದಾದರೂ ಮಷೀನಿನಲ್ಲಿ ಇದನ್ನು ಕೊಡಿ:

```
veyon-cli authkeys list
```

ಅಲ್ಲಿ teacher/public ಮಾತ್ರ ಕಾಣಬೇಕು. teacher/private ಕೂಡ ಕಂಡರೆ ಎಡವಟ್ಟಾಗಿದೆ. ಆ ಫೈಲನ್ನು ಅಳಿಸಿದರೆ ಸಾಕು ಅಂತ ನಾನೂ ಮೊದಲು ಅಂದುಕೊಂಡೆ. ಸಾಕಾಗುವುದಿಲ್ಲ, ಯಾರಾದರೂ ಅದನ್ನು ಈಗಾಗಲೇ ಕಾಪಿ ಮಾಡಿಕೊಂಡಿರಬಹುದಲ್ವಾ? ಬಾಗಿಲಲ್ಲಿ ಹಳೇ ಬೀಗ ಇರುವವರೆಗೂ ಹಳೇ ಕೀ ನಡೆಯುತ್ತದೆ. ಹೊಸ ಜೋಡಿ ಮಾಡಿ, ಎಲ್ಲ ಮಷೀನಿನಿಂದ ಹಳೇ ಪಬ್ಲಿಕ್ ಕೀಲಿ ಕಿತ್ತು ಹೊಸದು ಹಾಕಬೇಕು. ಮಕ್ಕಳ ಅಕೌಂಟಿನಿಂದ ಅಡ್ಮಿನ್ ಹಕ್ಕನ್ನೂ ತೆಗೆಯಬೇಕು, ಇಲ್ಲದಿದ್ದರೆ ಅವರು ಆ ಸರ್ವಿಸನ್ನೇ ನಿಲ್ಲಿಸಿ ಆರಾಮಾಗಿ ಕೂರುತ್ತಾರೆ. ಇಮೇಜ್ ಮಾಡುವುದಿದ್ದರೆ ಮಕ್ಕಳ ಒಂದು ಮಷೀನಿನಿಂದ ಮಾಡಿ, ಮಾಸ್ಟರ್ ಇಲ್ಲದ್ದರಿಂದ.

ಇನ್ನೊಂದು ತಮಾಷೆ ಐಪಿ ವಿಳಾಸದ್ದು. ಏಳನೇ ಮಷೀನಿನವನು ಆಟ ಆಡುತ್ತಿದ್ದಾನೆ ಅಂತ ಅದಕ್ಕೆ ಬೀಗ ಹಾಕಿದರೆ, ಹನ್ನೆರಡನೇ ಮಷೀನಿನ ಹುಡುಗಿ 'ಸರ್, ನಾನೇನೂ ಮಾಡಿಲ್ಲ' ಅನ್ನುತ್ತಾಳೆ. ವೇಯಾನ್‌ಗೆ ಕೊಟ್ಟ ಮಷೀನುಗಳ ಪಟ್ಟಿಯಲ್ಲಿ ನೀವು ಬರೆದಿಟ್ಟದ್ದು ಐಪಿ ವಿಳಾಸ, ರೂಟರ್ ಅದನ್ನು ಆಗಾಗ ಬೇರೆಯವರಿಗೆ ಕೊಡುತ್ತದೆ. ಪ್ರತಿ ಮಷೀನಿಗೆ ಇಂಥದ್ದೇ ವಿಳಾಸ ಅಂತ ರೂಟರ್‌ನಲ್ಲಿ ಕಾಯ್ದಿರಿಸಿ, ಇಲ್ಲವೇ ಪಟ್ಟಿಯಲ್ಲಿ ಐಪಿ ಬದಲು ಕಂಪ್ಯೂಟರಿನ ಹೆಸರು ಹಾಕಿ.

ಆಫ್ ಮಾಡುವುದು ಸುಲಭ, ಕೇಳುವ ಸರ್ವಿಸ್ ಎದ್ದಿರುತ್ತದಲ್ಲ. ತಕ್ಷಣ ಆಫ್ ಮಾಡುವ ಬಟನ್ ಒತ್ತಿದರೆ ಸೇವ್ ಮಾಡದ ಕೆಲಸವೆಲ್ಲ ಹೋಗುತ್ತದೆ, ಆದ್ದರಿಂದ ಸ್ವಲ್ಪ ಸಮಯ ಕೊಟ್ಟು ಆಫ್ ಮಾಡುವ ಆಯ್ಕೆಯನ್ನೇ ಬಳಸಿ. ಆನ್ ಮಾಡುವುದು ಬೇರೆಯದೇ ಕಥೆ. ಮಲಗಿದ ಮಷೀನಿನಲ್ಲಿ ಸರ್ವಿಸ್ ಎಲ್ಲಿರುತ್ತದೆ? ಅಲ್ಲಿ ಎಚ್ಚರವಾಗಿರುವುದು ನೆಟ್‌ವರ್ಕ್ ಕಾರ್ಡ್ ಒಂದೇ. ತನ್ನ ಮ್ಯಾಕ್ ವಿಳಾಸವನ್ನು 16 ಸಲ ಬರೆದ ಒಂದು ಪ್ಯಾಕೆಟ್ ಬಂದರೆ ಅದು ಮಷೀನನ್ನು ಎಬ್ಬಿಸುತ್ತದೆ. ಇದಕ್ಕೆ ವೇಕ್ ಆನ್ ಲ್ಯಾನ್ ಅನ್ನುತ್ತಾರೆ. ಬಯಾಸ್‌ನಲ್ಲಿ ಅದು ಆನ್ ಇರಬೇಕು, ಪಟ್ಟಿಯಲ್ಲಿ ಮ್ಯಾಕ್ ವಿಳಾಸ ತುಂಬಿರಬೇಕು. ಸಂಜೆ ಯಾರಾದರೂ ಗೋಡೆಯ ಸ್ವಿಚ್ ಆರಿಸಿ ಹೋಗಿದ್ದರೆ ಕಾರ್ಡ್‌ಗೂ ಕರೆಂಟ್ ಇಲ್ಲ, ಬೆಳಿಗ್ಗೆ ನಡೆದುಕೊಂಡು ಹೋಗಿ ಒತ್ತಬೇಕು.

ಕೊನೆಗೆ ಎಲ್ಲರೂ ಕೇಳುವ ಮಾತು: ಇದರಿಂದ ಇಂಥ ಸೈಟ್ ತೆರೆಯದ ಹಾಗೆ ಮಾಡಬಹುದಾ? ವೇಯಾನ್‌ನಿಂದ ಆಗುವುದಿಲ್ಲ. ಅದು ಪರದೆಯನ್ನು ಪೂರ್ತಿ ಮುಚ್ಚುತ್ತದೆ, ಇಲ್ಲವೇ ಪೂರ್ತಿ ಬಿಡುತ್ತದೆ. ಸೈಟ್ ತಡೆಯುವುದು ರೂಟರ್ ಅಥವಾ ಡಿಎನ್‌ಎಸ್ ಫಿಲ್ಟರಿನ ಕೆಲಸ, ಅದನ್ನು ಬೇರೆಯಾಗಿಯೇ ಹಾಕಬೇಕು.