ಪದ ಪರಿಚಯ: ‘ಗಂಡನ ವಾರಸುದಾರರು’

ಮಕ್ಕಳಿಲ್ಲದ ವಿಧವೆಯ ಆಸ್ತಿಯ ವ್ಯಾಜ್ಯ ಹಿಡಿದು ವಕೀಲರ ಬಳಿಗೆ ಬರುವವರು ಮೊದಲು ಮೇಜಿನ ಮೇಲೆ ಇಡುವುದು ತೀರಿಹೋದ ಅಕ್ಕನ ಬ್ಯಾಂಕ್ ಪಾಸ್‌ಬುಕ್. “ನಾಮಿನಿ ಅಮ್ಮನೇ ಇದಾರೆ ಸಾರ್, ಇನ್ನೇನು ತೊಂದರೆ?” ಎಂದು ಕೇಳುತ್ತಾರೆ. ಅಕ್ಕನಿಗೆ ಮಕ್ಕಳಿಲ್ಲ, ಭಾವ ಹೋಗಿ ಹತ್ತು ಹನ್ನೆರಡು ವರ್ಷವಾಗಿದೆ, ಕೊನೆಗಾಲದಲ್ಲಿ ಆಕೆಯನ್ನು ನೋಡಿಕೊಂಡವರು ತವರಿನವರೇ. ಹಾಗಿದ್ದ ಮೇಲೆ ದುಡ್ಡು ತವರಿಗಲ್ಲದೆ ಇನ್ಯಾರಿಗೆ ಎಂಬುದು ಅವರ ಲೆಕ್ಕ. ಕಾನೂನಿನ ಲೆಕ್ಕ ಬೇರೆ. ಅದರ ಗಂಟಿರುವುದು 1956ರ ಹಿಂದೂ ಉತ್ತರಾಧಿಕಾರ ಅಧಿನಿಯಮದ 15ನೇ ಕಲಮಿನಲ್ಲಿ ಬರುವ ಎರಡು ಮಾತುಗಳಲ್ಲಿ: ‘ಗಂಡನ ವಾರಸುದಾರರು’.

ಒಂದು ಉದಾಹರಣೆ ಕಟ್ಟಿಕೊಂಡು ನೋಡೋಣ. ಗಿರಿಜಾ ಎಂಬ ಹೆಂಗಸು, ಅರಸೀಕೆರೆ ಕಡೆಯ ಪ್ರಾಥಮಿಕ ಶಾಲೆಯ ಮೇಷ್ಟ್ರಾಗಿದ್ದು ನಿವೃತ್ತರಾದವರು. ಗಂಡ ಇಲ್ಲ, ಮಕ್ಕಳಾಗಲಿಲ್ಲ. ಉಯಿಲು ಬರೆಯದೆ ತೀರಿಕೊಂಡರು. ಸಂಬಳದಲ್ಲಿ ಉಳಿಸಿ ಬ್ಯಾಂಕಿನಲ್ಲಿಟ್ಟ 18 ಲಕ್ಷ ರೂಪಾಯಿ ಠೇವಣಿ, ಸಾಲ ಮಾಡಿ ಹಾಸನದಲ್ಲಿ ಕಟ್ಟಿಸಿದ ಮನೆ, ಅಪ್ಪ ತೀರಿಹೋದ ಮೇಲೆ ಪಾಲಿಗೆ ಬಂದ ಒಂದು ಎಕರೆ ಇಪ್ಪತ್ತು ಗುಂಟೆ ತೆಂಗಿನ ತೋಟ, ಇಷ್ಟು ಅವರ ಆಸ್ತಿ. ತವರಿನಲ್ಲಿ 84 ವರ್ಷದ ತಾಯಿ, ಒಬ್ಬ ತಮ್ಮ, ಒಬ್ಬಳು ತಂಗಿ. ಗಂಡನ ಕಡೆ ಅತ್ತೆ ಮಾವ ಇಲ್ಲ. ಪುಣೆಯಲ್ಲಿ ಮೈದುನ ಒಬ್ಬನಿದ್ದಾನೆ, ಅಣ್ಣನ ತಿಥಿಗೂ ಬಂದವನಲ್ಲ. ಗಂಡನ ಅಕ್ಕ ತೀರಿಹೋಗಿದ್ದಾಳೆ, ಆಕೆಗೆ ಇಬ್ಬರು ಗಂಡುಮಕ್ಕಳು.

ಗಿರಿಜಾ ಬದುಕಿರುವವರೆಗೆ ಈ ಮೂರು ಆಸ್ತಿಗಳ ನಡುವೆ ಯಾವ ಭೇದವೂ ಇರಲಿಲ್ಲ. ಅದೇ ಕಾಯ್ದೆಯ 14ನೇ ಕಲಮಿನ ಪ್ರಕಾರ ದುಡಿದದ್ದಾಗಲಿ, ವಾರಸಾಗಿ ಬಂದದ್ದಾಗಲಿ, ಎಲ್ಲಕ್ಕೂ ಆಕೆಯೇ ಪೂರ್ಣ ಒಡತಿ. ಮಾರಬಹುದಿತ್ತು, ದಾನ ಕೊಡಬಹುದಿತ್ತು, ಯಾರ ಹೆಸರಿಗೆ ಬೇಕಾದರೂ ಬರೆಯಬಹುದಿತ್ತು. ಉಸಿರು ನಿಂತ ಗಳಿಗೆಯಲ್ಲಿ ಆಸ್ತಿ ಎರಡು ದಾರಿ ಹಿಡಿಯುತ್ತದೆ.

ಮೊದಲನೆಯದು ಸಾಮಾನ್ಯ ದಾರಿ, 15ನೇ ಕಲಮಿನ ಮೊದಲ ಉಪಕಲಮು. ಹೆಂಗಸಿನ ಆಸ್ತಿ ಮೊದಲು ಅವಳ ಮಕ್ಕಳಿಗೆ ಮತ್ತು ಗಂಡನಿಗೆ. ತೀರಿಹೋದ ಮಕ್ಕಳ ಮಕ್ಕಳೂ ಇದರಲ್ಲಿ ಸೇರುತ್ತಾರೆ, ದತ್ತು ಮಗುವೂ ಮಗುವೇ. ಇವರ್‍ಯಾರೂ ಇಲ್ಲದಿದ್ದರೆ ಎರಡನೇ ಸಾಲಿನಲ್ಲಿ ಬರುವವರು ಗಂಡನ ವಾರಸುದಾರರು. ಹೆತ್ತ ತಾಯಿ ತಂದೆ ಮೂರನೇ ಸಾಲಿನಲ್ಲಿ, ಅಣ್ಣತಮ್ಮ ಅಕ್ಕತಂಗಿಯರು ತಂದೆಯ ವಾರಸುದಾರರೆಂಬ ನೆಲೆಯಲ್ಲಿ ಅದಕ್ಕೂ ಹಿಂದೆ. ಮುಂದಿನ ಸಾಲಿನಲ್ಲಿ ಒಬ್ಬರಿದ್ದರೂ ಸಾಕು, ಹಿಂದಿನ ಸಾಲಿಗೆ ಏನೂ ಸಿಗುವುದಿಲ್ಲ.

ಈ ‘ಗಂಡನ ವಾರಸುದಾರರು’ ಯಾರು ಎಂದು ಗೊತ್ತು ಮಾಡಲು 16ನೇ ಕಲಮು ಒಂದು ಕಲ್ಪನೆ ಹೂಡುತ್ತದೆ. ಆಸ್ತಿ ಗಂಡನದೇ ಆಗಿತ್ತು, ಹೆಂಡತಿ ಸತ್ತ ಮರುಗಳಿಗೆಯಲ್ಲಿ ಅವನು ಉಯಿಲಿಲ್ಲದೆ ಸತ್ತ ಎಂದುಕೊಳ್ಳಬೇಕು. ಹನ್ನೆರಡು ವರ್ಷದ ಹಿಂದೆ ಹೋದವನನ್ನು ಕಾಗದದ ಮೇಲೆ ಬದುಕಿಸಿ ಮತ್ತೆ ಸಾಯಿಸಿದ ಹಾಗೆ. ಆಗ ಅವನ ಒಂದನೇ ವರ್ಗದ ವಾರಸುದಾರರನ್ನು ಹುಡುಕಬೇಕು, ಮುಖ್ಯವಾಗಿ ತಾಯಿ, ಇನ್ನೊಂದು ಮದುವೆಯ ಮಕ್ಕಳಿದ್ದರೆ ಅವರು. ಗಿರಿಜಾ ಗಂಡನಿಗೆ ಅಂಥವರಿಲ್ಲ. ಎರಡನೇ ವರ್ಗದಲ್ಲಿ ಮೊದಲು ತಂದೆ, ಅವರೂ ಇಲ್ಲ. ಆಮೇಲೆ ಅಣ್ಣತಮ್ಮ ಅಕ್ಕತಂಗಿಯರು. ಅಲ್ಲಿ ಮೈದುನ ನಿಂತಿದ್ದಾನೆ. ತೀರಿಹೋದ ಅಕ್ಕನ ಮಕ್ಕಳು ಇನ್ನೂ ಕೆಳಗಿನ ಸಾಲಿನವರಾದ್ದರಿಂದ ಅವರಿಗೂ ಪಾಲಿಲ್ಲ. ಹೀಗೆ 18 ಲಕ್ಷ ಮತ್ತು ಹಾಸನದ ಮನೆ ಇಡಿಯಾಗಿ ಪುಣೆಯ ಮೈದುನನಿಗೆ. ಪಾಸ್‌ಬುಕ್ಕಿನಲ್ಲಿ ತಾಯಿ ನಾಮಿನಿ ಆಗಿರುವುದು ನಿಜ. ಆದರೆ ನಾಮಿನಿ ಎಂದರೆ ಬ್ಯಾಂಕು ಯಾರ ಕೈಗೆ ಹಣ ಕೊಟ್ಟು ತನ್ನ ಹೊಣೆ ಕಳೆದುಕೊಳ್ಳಬಹುದೋ ಅವರು, ಅಷ್ಟೇ. ಪಡೆದ ಹಣವನ್ನು ವಾರಸುದಾರರಿಗೆ ಒಪ್ಪಿಸಬೇಕು.

ಎರಡನೆಯದು ಹೊರತಿನ ದಾರಿ, ಅದೇ ಕಲಮಿನ ಎರಡನೇ ಉಪಕಲಮು. ತಂದೆಯಿಂದ ಅಥವಾ ತಾಯಿಯಿಂದ ವಾರಸಾಗಿ ಬಂದ ಆಸ್ತಿಯಾದರೆ, ಮಕ್ಕಳು ಮೊಮ್ಮಕ್ಕಳು ಇಲ್ಲದಾಗ ಅದು ತಂದೆಯ ವಾರಸುದಾರರಿಗೆ ಹೋಗುತ್ತದೆ. ಗಂಡನಿಂದ ಅಥವಾ ಮಾವನಿಂದ ವಾರಸಾಗಿ ಬಂದದ್ದು ಗಂಡನ ವಾರಸುದಾರರಿಗೆ. ಬಂದಲ್ಲಿಗೇ ಹಿಂತಿರುಗಲಿ ಎಂಬುದು ಇದರ ಉದ್ದೇಶ ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಅರುಣಾಚಲ ಗೌಂಡರ್ ಪ್ರಕರಣದಲ್ಲಿ ಹೇಳಿದೆ. ಗಿರಿಜಾ ಅವರ ತೋಟಕ್ಕೂ ಮೇಲಿನ ಕಲ್ಪನೆಯನ್ನೇ ಅಪ್ಪನ ಹೆಸರಿಗೆ ಹೂಡಬೇಕು: ತೋಟ ಅಪ್ಪನದು, ಮಗಳ ಹಿಂದೆಯೇ ಅವರು ಸತ್ತರು. ಅಪ್ಪನ ವಾರಸುದಾರರು ಹೆಂಡತಿ, ಮಗ, ಉಳಿದ ಮಗಳು. ಅರವತ್ತು ಗುಂಟೆಯಲ್ಲಿ ಮೂವರಿಗೂ ಇಪ್ಪತ್ತಿಪ್ಪತ್ತು ಗುಂಟೆ.

ಇಲ್ಲಿ ಇನ್ನೊಂದು ಕಡೆಯಿಂದಲೂ ಜನ ಬೆಚ್ಚುತ್ತಾರೆ. ಗಿರಿಜಾ ಅವರ ಗಂಡ ಬದುಕಿದ್ದರೆ? ಠೇವಣಿ, ಮನೆ ಎರಡೂ ಅವರಿಗೇ. ತೋಟದಲ್ಲಿ ಮಾತ್ರ ಒಂದು ಗುಂಟೆಯೂ ಇಲ್ಲ. ನಲವತ್ತು ವರ್ಷ ಆ ತೋಟಕ್ಕೆ ನೀರು ಹಾಯಿಸಿದ್ದರೂ ಅಷ್ಟೇ. ಎರಡನೇ ಉಪಕಲಮು ಮಕ್ಕಳಿದ್ದಾರೆಯೇ ಎಂದಷ್ಟೇ ಕೇಳುತ್ತದೆ, ಗಂಡನ ಮಾತೇ ಎತ್ತುವುದಿಲ್ಲ.

ಈಗ ನಮ್ಮ ಕಡೆ ಹೆಚ್ಚು ಎಡವುವ ಜಾಗಕ್ಕೆ ಬರುತ್ತೇನೆ. ಕಾಯ್ದೆಯ ಮಾತು ‘ವಾರಸಾಗಿ ಬಂದ’ ಎಂದು. ತವರಿನಿಂದ ಬಂದದ್ದೆಲ್ಲ ವಾರಸಾಗಿ ಬಂದದ್ದಲ್ಲ. ಮದುವೆಯಲ್ಲಿ ಅಪ್ಪ ‘ಅರಿಶಿನ ಕುಂಕುಮಕ್ಕೆ’ ಎಂದು ಹೊಲ ಬರೆದುಕೊಟ್ಟಿದ್ದರೆ ಅದು ದಾನ. ಅಪ್ಪ ಉಯಿಲು ಬರೆದು ಮಗಳಿಗೆ ಬಿಟ್ಟಿದ್ದರೆ ಅದೂ ಕಾನೂನು ತಾನಾಗಿ ಕೊಟ್ಟ ವಾರಸು ಅಲ್ಲ. ಇವೆರಡೂ ಎರಡನೇ ಉಪಕಲಮಿಗೆ ಸೇರುವುದಿಲ್ಲವೆಂದು ಹೈಕೋರ್ಟುಗಳು ಹೇಳುತ್ತ ಬಂದಿವೆ. ಅಂದರೆ ಗಿರಿಜಾ ಅವರ ಅಪ್ಪ ಮಗಳ ಮೇಲಿನ ಅಕ್ಕರೆಗೆ ತಾವಿದ್ದಾಗಲೇ ತೋಟವನ್ನು ದಾನಪತ್ರ ಮಾಡಿ ಕೊಟ್ಟಿದ್ದರೆ, ಅದು ಈಗ ಮೈದುನನ ಪಾಲಾಗುತ್ತಿತ್ತು. ಏನೂ ಬರೆಯದೆ ಸತ್ತಿದ್ದರಿಂದ ತವರಿಗೆ ಉಳಿಯಿತು. ಅಣ್ಣನಿಂದಲೋ ಅಕ್ಕನಿಂದಲೋ ವಾರಸಾಗಿ ಬಂದದ್ದೂ ಎರಡನೇ ಉಪಕಲಮಿಗೆ ಸೇರುವುದಿಲ್ಲ, ಕಾಯ್ದೆ ತಂದೆ ತಾಯಿಯರನ್ನು ಮಾತ್ರ ಹೆಸರಿಸಿದೆ. ತೋಟ ಮಾರಿ ಆ ಹಣವನ್ನು ಬ್ಯಾಂಕಿನಲ್ಲಿಟ್ಟರೆ, ಇಲ್ಲವೆ ಅದರಲ್ಲಿ ಬೇರೆ ಸೈಟು ಕೊಂಡರೆ, ಹೊಸ ಆಸ್ತಿಗೆ ತವರಿನ ಗುಣ ಉಳಿಯುವುದಿಲ್ಲ ಎಂಬ ತೀರ್ಪುಗಳೂ ಇವೆ.

ಆದ್ದರಿಂದ ಮೊದಲು ನೋಡಬೇಕಾದ್ದು ಆಸ್ತಿ ಬಂದ ಬಗೆ. ಜಮೀನಾದರೆ ಪಹಣಿಯಲ್ಲಿ ಹೆಸರಿನ ಜೊತೆಗಿರುವ ಎಂ.ಆರ್. ಸಂಖ್ಯೆ ಹಿಡಿದು ಮ್ಯುಟೇಷನ್ ಪ್ರತಿ ತೆಗೆಸಿ. ಪೌತಿ, ದಾನ, ಕ್ರಯ, ವಿಲ್ ಎಂದು ಅಲ್ಲಿ ಬರೆದಿರುತ್ತದೆ. ‘ಪೌತಿ’ ಎಂದಿದ್ದರೆ ಯಾರ ಸಾವಿನ ಮೇಲೆ ಖಾತೆ ಆಯಿತು ಎಂದು ನೋಡಿ. ‘ವಿಭಾಗ’ ಎಂದಿದ್ದರೆ ಅಲ್ಲಿಗೇ ನಿಲ್ಲಬೇಡಿ, ಪಾಲುಪಟ್ಟಿಯನ್ನೇ ಓದಬೇಕು, ಯಾವ ಹಕ್ಕಿನ ಮೇಲೆ ಪಾಲು ಬಂತು ಎಂಬುದು ಅದರ ಒಕ್ಕಣೆಯಲ್ಲಿರುತ್ತದೆ. ಇಂಥ ಕೇಸುಗಳಲ್ಲಿ ವಂಶವೃಕ್ಷವೂ ಎರಡು ಬೇಕಾಗುತ್ತದೆ, ತವರಿನದೊಂದು, ಗಂಡನ ಮನೆಯದೊಂದು. ಒಂದನ್ನೇ ಹಿಡಿದು ಖಾತೆ ಮಾಡಿಸಿಕೊಂಡವರ ಮೇಲೆ ನಾಲ್ಕು ವರ್ಷದ ನಂತರ ದಾವೆ ಬೀಳುತ್ತದೆ.

ಸಂಬಳದ ಹಣ ಹೀಗೆ ಗಂಡನ ಕಡೆಗೆ ಹೋಗುವುದು ಬರೀ ಪುಸ್ತಕದ ಮಾತೇನಲ್ಲ. ಓಂಪ್ರಕಾಶ್ ಮತ್ತು ರಾಧಾಚರಣ್ ನಡುವಿನ ಪ್ರಕರಣದಲ್ಲಿ 2009ರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಹೇಳಿತು. 1955ರಲ್ಲಿ ಮದುವೆಯಾದ ಆ ಹೆಂಗಸಿನ ಗಂಡ ಮೂರು ತಿಂಗಳೊಳಗೆ ಹಾವು ಕಚ್ಚಿ ಸತ್ತ. ಗಂಡನ ಮನೆಯವರು ಅವಳನ್ನು ಹೊರಹಾಕಿದರು. ತವರಿಗೆ ಬಂದು ಓದಿ, ಕೆಲಸಕ್ಕೆ ಸೇರಿ, 1996ರಲ್ಲಿ ಉಯಿಲಿಲ್ಲದೆ ತೀರಿಕೊಂಡಳು. ಬ್ಯಾಂಕ್ ಖಾತೆಗಳಲ್ಲೂ ಭವಿಷ್ಯನಿಧಿಯಲ್ಲೂ ಸಾಕಷ್ಟು ಹಣವಿತ್ತು. ತಾಯಿ ಉತ್ತರಾಧಿಕಾರ ಪ್ರಮಾಣಪತ್ರಕ್ಕೆ ಅರ್ಜಿ ಹಾಕಿದರೆ, ಗಂಡನ ಸೋದರಿಯ ಮಕ್ಕಳು ಎದುರು ನಿಂತರು. ಗೆದ್ದವರು ಅವರೇ. ಕೋರ್ಟಿಗೆ ಕನಿಕರ ಇರಲಿಲ್ಲ ಎಂದಲ್ಲ, ಕನಿಕರದಿಂದ ಕಾಯ್ದೆಯ ಸಾಲು ಬದಲಾಗದು ಎಂದಿತು. ಸ್ವಂತ ದುಡಿಮೆ ಎಂಬ ಪ್ರತ್ಯೇಕ ವರ್ಗ ಆ ಕಾಯ್ದೆಯಲ್ಲಿಲ್ಲ. ಹೆಂಗಸಿನ ಸಂಬಳ ಎಂಬುದೇ ಅಪರೂಪವಾಗಿದ್ದ ಕಾಲದ ಕಾಯ್ದೆ ಅದು. ಗಂಡಸಿನ ವಿಷಯದಲ್ಲಾದರೋ, ಮಕ್ಕಳಿಲ್ಲದ ವಿಧುರ ತೀರಿಹೋದರೆ ‘ಹೆಂಡತಿಯ ವಾರಸುದಾರರು’ ಎಂಬ ಮಾತೇ ಹುಟ್ಟುವುದಿಲ್ಲ. ಇದು ನ್ಯಾಯವಲ್ಲ ಎಂದೇ ನನ್ನ ಅಭಿಪ್ರಾಯ.

ಕಾನೂನು ಆಯೋಗ 2008ರ ತನ್ನ 207ನೇ ವರದಿಯಲ್ಲಿ ಇಂಥ ಸ್ವಯಾರ್ಜಿತ ಆಸ್ತಿ ಎರಡೂ ಮನೆಗಳ ವಾರಸುದಾರರಿಗೆ ಒಟ್ಟಿಗೆ ಹೋಗಲಿ ಎಂದಿತ್ತು. ಕಾಯ್ದೆ ತಿದ್ದುಪಡಿಯಾಗಲಿಲ್ಲ. 2025ರ ನವೆಂಬರಿನಲ್ಲಿ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರಿದ್ದ ಪೀಠ ಈ ಕಲಮಿನ ಸಿಂಧುತ್ವವನ್ನು ತೀರ್ಮಾನಿಸದೆ, ಹೆಂಗಸರು, ಅದರಲ್ಲೂ ಹಿಂದೂ ಹೆಂಗಸರು, ಉಯಿಲು ಬರೆದಿಡಿ ಎಂದು ಹೇಳಿತು.

ಕಾಯ್ದೆಯಲ್ಲಿ ಹಿಂದೂ ಎಂದರೆ ಜೈನ, ಬೌದ್ಧ, ಸಿಖ್ಖರೂ ಸೇರಿದರು, ವೀರಶೈವ ಲಿಂಗಾಯತರನ್ನು ಹೆಸರಿಸಿಯೇ ಸೇರಿಸಿದೆ. ತುಳುನಾಡಿನ ಅಳಿಯಸಂತಾನ ಕಟ್ಟಿನವರಿಗೆ ಮಾತ್ರ 17ನೇ ಕಲಮು ಸಾಲನ್ನೇ ತಿರುಗಿಸಿಟ್ಟಿದೆ. ಅಲ್ಲಿ ಮಕ್ಕಳ ಜೊತೆಗೇ ತಾಯಿ ಮೊದಲ ಸಾಲಿನಲ್ಲಿ, ಆಮೇಲೆ ತಂದೆ ಮತ್ತು ಗಂಡ, ಗಂಡನ ವಾರಸುದಾರರು ಕಟ್ಟಕಡೆಗೆ. ಗಿರಿಜಾ ಆ ಕಟ್ಟಿನವರಾಗಿದ್ದರೆ 18 ಲಕ್ಷವೂ ಮನೆಯೂ ತಾಯಿಗೇ ಸೇರುತ್ತಿದ್ದವು.

ಉಳಿದವರಿಗೆ ದಾರಿ ಉಯಿಲೊಂದೇ. ಛಾಪಾ ಕಾಗದ ಬೇಡ, ನೋಂದಣಿ ಕಡ್ಡಾಯವಲ್ಲ, ಇಬ್ಬರು ಸಾಕ್ಷಿಗಳ ಸಹಿ ಮಾತ್ರ ಬೇಕೇ ಬೇಕು. ಅಲ್ಲೂ ಒಂದು ತಪ್ಪು ಪದೇ ಪದೇ ಆಗುತ್ತದೆ. ಮಗಳು ಎಲ್ಲವನ್ನೂ ‘ನನ್ನ ತಾಯಿಗೆ’ ಎಂದು ಬರೆದು ಸುಮ್ಮನಾಗುತ್ತಾಳೆ. ತಾಯಿ ಮೊದಲು ತೀರಿಕೊಂಡರೆ ಆ ಮಾತು ಬಿದ್ದುಹೋಗುತ್ತದೆ, ಉಯಿಲೇ ಇಲ್ಲದ ಹಾಗಾಗಿ ಆಸ್ತಿ ಮತ್ತೆ ಮೈದುನನ ದಾರಿ ಹಿಡಿಯುತ್ತದೆ. ‘ಅವರಿಲ್ಲದಿದ್ದರೆ ನನ್ನ ತಮ್ಮನಿಗೆ ಮತ್ತು ತಂಗಿಗೆ ಸಮವಾಗಿ’ ಎಂಬ ಇನ್ನೊಂದು ಸಾಲು ಅದರ ಕೆಳಗೆ ಇರಬೇಕು.