ಸೇವೆ ನಿಂತಾಗ ಬರುವ ಪತ್ರ: ‘ತಾಂತ್ರಿಕ ಕಾರಣ’ದಿಂದ ಗಂಟೆಯ ಲೆಕ್ಕದವರೆಗೆ

ಮೊಬೈಲ್ ಅಥವಾ ಇಂಟರ್‌ನೆಟ್ ಕೈಕೊಟ್ಟು ಮತ್ತೆ ಬಂದ ಮೇಲೆ ಕಂಪನಿಯಿಂದ ಒಂದು ಸಂದೇಶ ಬರುತ್ತದೆ: ‘ತಾಂತ್ರಿಕ ಕಾರಣದಿಂದ ಸೇವೆಯಲ್ಲಿ ವ್ಯತ್ಯಯವಾಗಿತ್ತು, ವಿಷಾದಿಸುತ್ತೇವೆ.’ ಬಹುತೇಕರು ಓದಿ ಅಳಿಸಿಬಿಡುತ್ತಾರೆ. ಆದರೆ ಈಗಿನ ನಿಯಮ ನೋಡಿದರೆ ಆ ಪತ್ರದಿಂದ ಗ್ರಾಹಕನಿಗೆ ತಿಳಿಯಬೇಕಾದ ಎರಡು ವಿಷಯಗಳಿವೆ: ಸೇವೆ ಎಷ್ಟು ಗಂಟೆಗೆ ನಿಂತು ಎಷ್ಟು ಗಂಟೆಗೆ ಮರಳಿತು, ಯಾಕೆ ನಿಂತಿತು. ಗ್ರಾಹಕನಿಗೆ ಸಿಗುವ ಪರಿಹಾರ ಈ ಎರಡರ ಮೇಲೆಯೇ ನಿಂತಿದೆ.

ಲ್ಯಾಂಡ್‌ಲೈನ್ ಕಾಲದಲ್ಲಿ 198ಕ್ಕೆ ದೂರು ಕೊಟ್ಟು ಲೈನ್‌ಮನ್ ಬರುವುದನ್ನು ಕಾಯಬೇಕಿತ್ತು. 1997ರಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ ಹುಟ್ಟಿತು. ಬ್ರಾಡ್‌ಬ್ಯಾಂಡ್ ಗ್ರಾಹಕರಿಗೆ ಸ್ಪಷ್ಟ ಲೆಕ್ಕ ಸಿಕ್ಕಿದ್ದು 2006ರ ಗುಣಮಟ್ಟ ನಿಯಮಗಳಲ್ಲಿ. ದೋಷ ಮೂರು ಕೆಲಸದ ದಿನ ದಾಟಿದರೆ ಏಳು ದಿನದ ಬಾಡಿಗೆ ಕಡಿತ, ಏಳು ದಾಟಿದರೆ ಹದಿನೈದು ದಿನದ್ದು, ಹದಿನೈದು ದಾಟಿದರೆ ಪೂರ್ತಿ ತಿಂಗಳದ್ದು. ಇದು ಒಂದೊಂದು ಮನೆಯ ದೂರಿಗೆ ಹೊಂದುವ ಲೆಕ್ಕ. ಇಡೀ ಜಿಲ್ಲೆಗೇ ಸಿಗ್ನಲ್ ಹೋದರೆ ಏನು ಎಂಬುದಕ್ಕೆ ಅದರಲ್ಲಿ ಉತ್ತರವಿರಲಿಲ್ಲ.

ಆ ಉತ್ತರ ಬಂದದ್ದು 2024ರ ಆಗಸ್ಟ್‌ನಲ್ಲಿ ಟ್ರಾಯ್ ಹೊರಡಿಸಿದ ಹೊಸ ನಿಯಮಗಳಲ್ಲಿ. ಜಿಲ್ಲಾ ಮಟ್ಟದ ದೊಡ್ಡ ವ್ಯತ್ಯಯ ನಾಲ್ಕು ಗಂಟೆ ಮೀರಿದರೆ ಕಂಪನಿ ಅದನ್ನು 24 ಗಂಟೆಯೊಳಗೆ ಟ್ರಾಯ್‌ಗೆ ತಿಳಿಸಬೇಕು. ವ್ಯತ್ಯಯವೇ 24 ಗಂಟೆ ಮೀರಿದರೆ ಪೋಸ್ಟ್‌ಪೇಯ್ಡ್ ಗ್ರಾಹಕರಿಗೆ ಮುಂದಿನ ಬಿಲ್‌ನಲ್ಲಿ ಬಾಡಿಗೆ ಕಡಿತ. ಪ್ರೀಪೇಯ್ಡ್‌ನವರಿಗೆ ಸೇವೆ ಮರಳಿದ ವಾರದೊಳಗೆ ವ್ಯಾಲಿಡಿಟಿ ವಿಸ್ತರಣೆ. ಈ ಪರಿಹಾರದ ಭಾಗ 2025ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ.

ತುಮಕೂರು ಜಿಲ್ಲೆಯನ್ನೇ ಇಟ್ಟುಕೊಂಡು ಒಂದು ಕಲ್ಪಿತ ಪ್ರಕರಣ ನೋಡೋಣ. ಶುಕ್ರವಾರ ರಾತ್ರಿ ರಸ್ತೆ ಕಾಮಗಾರಿಯ ಜೆಸಿಬಿ ಮುಖ್ಯ ಫೈಬರ್ ಕೇಬಲನ್ನು ಕಡಿಯುತ್ತದೆ. ಎಂಜಿನಿಯರ್ ಒಟಿಡಿಆರ್ ಯಂತ್ರದಿಂದ ಕೇಬಲ್‌ನೊಳಗೆ ಬೆಳಕು ಹಾಯಿಸುತ್ತಾನೆ. ಅದು ಎಷ್ಟು ದೂರದಿಂದ ಮರಳುತ್ತದೆ ಎಂಬುದರಿಂದ ತುಂಡಾದ ಜಾಗ ಗೊತ್ತಾಗುತ್ತದೆ. ಆದರೆ ಯಂತ್ರ ಅಳೆಯುವುದು ಫೈಬರ್‌ನ ಉದ್ದವನ್ನು, ರಸ್ತೆಯ ಉದ್ದವನ್ನಲ್ಲ. ಪ್ರತಿ ಜಾಯಿಂಟ್‌ನಲ್ಲಿ ಹೆಚ್ಚುವರಿ ಕೇಬಲ್ ಸುತ್ತಿಟ್ಟಿರುವುದರಿಂದ ಯಂತ್ರ ಹನ್ನೆರಡು ಕಿಲೋಮೀಟರ್ ಎಂದರೆ ಜಾಗ ಇನ್ನೂ ಈಚೆಗೇ ಇರುತ್ತದೆ. ಅಗೆದು ಹುಡುಕಿ, ಒಂದೊಂದೇ ಎಳೆಯನ್ನು ಕರಗಿಸಿ ಬೆಸೆಯುವಷ್ಟರಲ್ಲಿ ಗಂಟೆಗಳು ಕಳೆಯುತ್ತವೆ. ಒಂದು ಕೇಬಲ್ ಕಡಿದರೆ ಇನ್ನೊಂದು ದಾರಿಯಿಂದ ಸೇವೆ ನಡೆಯಬೇಕು. ಎರಡೂ ಒಂದೇ ಗುಂಡಿಯಲ್ಲಿ ಹೂತಿದ್ದರೆ ಜೆಸಿಬಿಯ ಒಂದೇ ಹೊಡೆತಕ್ಕೆ ಎರಡೂ ಹೋಗುತ್ತವೆ.

ಇಂಥ ಹೊತ್ತಿನಲ್ಲಿ ಒಳ್ಳೆಯ ಪತ್ರ ಹೀಗಿರುತ್ತದೆ:

‘ಶುಕ್ರವಾರ ರಾತ್ರಿ 10ರಿಂದ ಭಾನುವಾರ ಮಧ್ಯಾಹ್ನ 2ರವರೆಗೆ ತುಮಕೂರು ಜಿಲ್ಲೆಯಲ್ಲಿ ನಮ್ಮ ಸೇವೆ ನಿಂತಿತ್ತು. ರಸ್ತೆ ಅಗೆತದಲ್ಲಿ ಮುಖ್ಯ ಕೇಬಲ್ ಕಡಿಯಿತು. ಪರ್ಯಾಯ ಕೇಬಲ್ ಅದೇ ಗುಂಡಿಯಲ್ಲಿದ್ದುದರಿಂದ ಅದೂ ಕಡಿಯಿತು. ಹಾಗೆ ಹಾಕಿದ್ದು ನಾವೇ. ಅದನ್ನು ಬೇರೆ ರಸ್ತೆಗೆ ಬದಲಿಸುತ್ತಿದ್ದೇವೆ. ಪೋಸ್ಟ್‌ಪೇಯ್ಡ್ ಬಿಲ್‌ನಲ್ಲಿ ಎರಡು ದಿನದ ಬಾಡಿಗೆ ಕಡಿತವಾಗುತ್ತದೆ, ಪ್ರೀಪೇಯ್ಡ್‌ಗೆ ಎರಡು ದಿನದ ವ್ಯಾಲಿಡಿಟಿ ಸೇರುತ್ತದೆ. ನಿಮಗಾದ ತೊಂದರೆಗೆ ವಿಷಾದಿಸುತ್ತೇವೆ.’

ಎರಡು ದಿನ ಹೇಗೆ ಬಂತು? ಒಂದು ಕ್ಯಾಲೆಂಡರ್ ದಿನದಲ್ಲಿ 12 ಗಂಟೆಗಿಂತ ಹೆಚ್ಚು ಸೇವೆ ನಿಂತಿದ್ದರೆ ಅದು ಪೂರ್ತಿ ದಿನ ಎಂದು ಲೆಕ್ಕ. ಇಲ್ಲಿ ಒಟ್ಟು 40 ಗಂಟೆ ನಿಂತಿದೆ. ಶುಕ್ರವಾರ ಎರಡೇ ಗಂಟೆ, ಅದು ಲೆಕ್ಕಕ್ಕಿಲ್ಲ. ಶನಿವಾರ ಪೂರ್ತಿ, ಭಾನುವಾರ 14 ಗಂಟೆ. ತಿಂಗಳಿಗೆ 600 ರೂಪಾಯಿಯ ಪ್ಲಾನ್‌ಗೆ 40 ರೂಪಾಯಿ ಕಡಿತ. ಅದೇ ಸೇವೆ ಭಾನುವಾರ ಬೆಳಿಗ್ಗೆ 11ಕ್ಕೆ ಬಂದಿತ್ತು ಎಂದು ಪತ್ರ ಹೇಳಿದರೆ ಭಾನುವಾರ ಬಿದ್ದುಹೋಗಿ ಪರಿಹಾರ ಅರ್ಧಕ್ಕಿಳಿಯುತ್ತದೆ. ‘ವಾರಾಂತ್ಯದಲ್ಲಿ ಕೆಲಕಾಲ ವ್ಯತ್ಯಯ’ ಎಂದು ಬರೆದ ಪತ್ರವನ್ನು ನಾನು ಒಪ್ಪದಿರುವುದು ಇದಕ್ಕೇ. ಅದರಿಂದ ಗ್ರಾಹಕ ತನ್ನ ದುಡ್ಡಿನ ಲೆಕ್ಕ ಹಾಕಲಾರ.

ಕಾರಣದ ಮಾತೂ ಅಷ್ಟೇ. ಪ್ರಕೃತಿ ವಿಕೋಪದಿಂದ ಸೇವೆ ನಿಂತರೆ ಈ ಪರಿಹಾರ ಅನ್ವಯಿಸುವುದಿಲ್ಲ. ಮಳೆ ಬಂದ ದಿನವೇ ಕೇಬಲ್ ಕಡಿದಿದ್ದರೆ ‘ಪ್ರತಿಕೂಲ ಹವಾಮಾನ’ ಎಂದು ಬರೆಯುವುದು ಸುಲಭ. ಎಲ್ಲಿ ಕಡಿಯಿತು, ಯಾವುದರಿಂದ ಕಡಿಯಿತು ಎಂದು ಹೇಳದ ಪತ್ರ ಬಂದರೆ ಕಂಪನಿಯ ಗ್ರಾಹಕ ದೂರು ವಿಭಾಗಕ್ಕೆ ಬರೆದು ಕೇಳಬೇಕು, ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಬೇಕು.

ಈ ನಿಯಮದ ದೊಡ್ಡ ಕೊರತೆ ಅದರ ಅಳತೆಗೋಲು ಜಿಲ್ಲೆ ಆಗಿರುವುದು. ಪಾವಗಡದಲ್ಲಷ್ಟೇ ಎರಡು ದಿನ ಸಿಗ್ನಲ್ ಇಲ್ಲದಿದ್ದು ತಿಪಟೂರು, ಕುಣಿಗಲ್‌ನಲ್ಲಿ ಎಲ್ಲ ಸರಿಯಿದ್ದರೆ ಅದು ಜಿಲ್ಲಾ ವ್ಯತ್ಯಯವಲ್ಲ. ಅಂಥವರಿಗೆ ಉಳಿಯುವುದು ವೈಯಕ್ತಿಕ ದೂರು, ಆಮೇಲೆ ಗ್ರಾಹಕ ಆಯೋಗ. ಆ ಬಾಗಿಲೂ ಕೆಲವು ವರ್ಷ ಮುಚ್ಚಿದಂತಿತ್ತು: ದೂರವಾಣಿ ವ್ಯಾಜ್ಯ ಟೆಲಿಗ್ರಾಫ್ ಕಾಯ್ದೆಯಡಿ ಮಧ್ಯಸ್ಥಿಕೆಗೇ ಹೋಗಬೇಕೆಂದು 2009ರಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. 2022ರ ಫೆಬ್ರುವರಿಯಲ್ಲಿ ಅದೇ ನ್ಯಾಯಾಲಯ, ಗ್ರಾಹಕ ಆಯೋಗಕ್ಕೂ ಇಂಥ ದೂರು ಕೇಳುವ ಅಧಿಕಾರವಿದೆ ಎಂದು ತೀರ್ಪಿತ್ತಿತು. ಪಾವಗಡದ ಗ್ರಾಹಕ ತುಮಕೂರಿನ ಆಯೋಗಕ್ಕೆ ಹೋದಾಗ ಕೈಯಲ್ಲಿರಬೇಕಾದ ಮುಖ್ಯ ದಾಖಲೆಗಳಲ್ಲಿ ಒಂದು, ಕಂಪನಿ ಕಳಿಸಿದ ಅದೇ ಪತ್ರ.